ಆಧಾರ್, ಪಾಸ್‌ಬುಕ್ ಫೋಟೊ ನೋಡಿ ಟೈಪ್ ಮಾಡುವವರಿಗೆ

ನಮ್ಮ ಸ್ವಸಹಾಯ ಸಂಘದ 20 ಮಂದಿಯ ವಿವರ ಎಕ್ಸೆಲ್‌ಗೆ ಹಾಕಬೇಕಿತ್ತು. ಎಲ್ಲರೂ ಆಧಾರ್, ಪಾಸ್‌ಬುಕ್ ಫೋಟೊಗಳನ್ನು ಸಂಘದ ವಾಟ್ಸ್‌ಆ್ಯಪ್ ಗುಂಪಿಗೇ ಹಾಕಿದ್ದರು. ಟೈಪ್ ಮಾಡುತ್ತಿದ್ದ ಹುಡುಗಿ ನಂಬರ್ ಮೇಲೆ ಫೋನಿನಲ್ಲೇ ಕಪ್ಪು ಬಳಿದು, "ಅಕ್ಕ, ಇದು ನಿಮ್ಮದೇ ಅಲ್ವಾ?" ಎಂದು ಒಬ್ಬೊಬ್ಬರದನ್ನೂ ಅಲ್ಲೇ ಕೇಳಿದಳು. ನಾನು ಫೋಟೊದ ಬೆಳಕು ಜಾಸ್ತಿ ಮಾಡಿ ನೋಡಿದೆ. 12 ಅಂಕಿಯೂ ಕಂಡವು.

ಮೊದಲು ಯಾವ ವಿವರ ಬೇಕೆಂದು ಕೇಳಿ. ಹಣ ಜಮೆ ಮಾಡಲು ಮಾತ್ರವಾದರೆ ಹೆಸರು, ಖಾತೆ ನಂಬರ್, ಐಎಫ್‌ಎಸ್‌ಸಿ ಸಾಕು, ಆಧಾರ್ ತರಿಸಿಕೊಳ್ಳಲೇಬೇಡಿ. ಫೋಟೊ ನಿಮ್ಮೊಬ್ಬರಿಗೇ ಬರಲಿ, ಗುಂಪಿಗೆ ಬೇಡ.

ಜನ ಎಡವುವುದು ಮುಚ್ಚುವಾಗ. ಫೋನಿನ ಹೈಲೈಟರ್ ಬಣ್ಣ ಅರ್ಧ ಪಾರದರ್ಶಕ. ಎರಡು ಸಲ ಬಳಿದರೂ ಅಂಕಿ ಅಡಿಯಲ್ಲೇ ಉಳಿಯುತ್ತದೆ. ಪಿಡಿಎಫ್ ಬ್ಯಾಂಕ್ ಸ್ಟೇಟ್‌ಮೆಂಟ್ ಮೇಲೆ ಕಪ್ಪು ಚೌಕ ಇಟ್ಟರೂ ಎಷ್ಟೋ ಸಲ ಅದರಡಿಯ ಅಕ್ಷರಗಳನ್ನು ಆರಿಸಿ ಕಾಪಿ ಮಾಡಬಹುದು. ಸ್ಟೇಟ್‌ಮೆಂಟಿನ ಯುಪಿಐ ಸಾಲುಗಳಲ್ಲಿ ಬೇರೆಯವರ ಹೆಸರು, ಕೆಲವೊಮ್ಮೆ ಫೋನ್ ನಂಬರೂ ಇರುತ್ತದೆ. ಅವರನ್ನು ಯಾರೂ ಕೇಳಿರುವುದಿಲ್ಲ.

ಹಾಗಾಗಿ ನಾನು ಹೇಳುವುದು ಒಂದೇ: ಫೋಟೊ ತೆಗೆಯುವ ಮೊದಲೇ ಮುಚ್ಚಿಸಿ. ದಪ್ಪ ರಟ್ಟಿನ ಚೂರನ್ನು ಆಧಾರ್‌ನ ಮೊದಲ 8 ಅಂಕಿಗಳ ಮೇಲೆ ಇಡಲಿ. ಕೆಳಗೆ 16 ಅಂಕಿಯ ವಿಐಡಿ ಇದ್ದರೆ ಅದನ್ನೂ ಮುಚ್ಚಲಿ. ಕ್ಯೂಆರ್ ಕೋಡನ್ನು ಮರೆಯುವವರೇ ಜಾಸ್ತಿ. ಅದರಲ್ಲಿ ಹೆಸರು, ಹುಟ್ಟಿದ ದಿನ, ವಿಳಾಸ ಇರುತ್ತವೆ. ಹಳೆಯ ಕಾರ್ಡುಗಳಲ್ಲಂತೂ ಪೂರ್ತಿ ನಂಬರೇ ಇರುತ್ತದೆ. ಯುಐಡಿಎಐ ಜಾಲತಾಣದಿಂದ ಇಳಿಸಿಕೊಳ್ಳುವ ಮಾಸ್ಕ್ಡ್ ಆಧಾರ್‌ನಲ್ಲಿ ಕೊನೆಯ 4 ಅಂಕಿ ಮಾತ್ರ ಕಾಣುತ್ತವೆ. ಆದರೆ ಕ್ಯೂಆರ್ ಅದರಲ್ಲೂ ಇದೆ, ಮುಚ್ಚಿ. ಪೂರ್ತಿ ನಂಬರ್ ಬೇಕೇ ಬೇಕೆಂದಿದ್ದರೆ ಕಾರ್ಡನ್ನು ಎದುರಿಗಿಟ್ಟುಕೊಂಡು ಟೈಪ್ ಮಾಡಿ, ಫೋಟೊ ಬೇಡ.

ಟೈಪ್ ಕೈಯಲ್ಲೇ ಮಾಡಿ. ಫೋಟೊ ಹಾಕಿದರೆ ಅಕ್ಷರ ಕೊಡುವ ಪುಕ್ಕಟೆ ಜಾಲತಾಣಗಳಿಗೆ ಸುಮ್ನೆ ಕಾರ್ಡ್ ಏರಿಸಬೇಡಿ. ಆ ಫೋಟೊ ಬೇರೆ ಯಾರದೋ ಕಂಪ್ಯೂಟರಿಗೆ ಹೋಗುತ್ತದೆ. ಶುರು ಮಾಡುವ ಮೊದಲು ಎಕ್ಸೆಲ್‌ನಲ್ಲಿ ನಂಬರ್ ಹಾಕುವ ಕಾಲಂ ಆರಿಸಿ, Format Cells ತೆರೆದು Text ಕೊಡಿ. ಇಲ್ಲದಿದ್ದರೆ ಖಾತೆ ನಂಬರಿನ ಮುಂದಿನ ಸೊನ್ನೆ ಹಾರಿಹೋಗುತ್ತದೆ. 15 ಅಂಕಿ ದಾಟಿದರೆ ಉಳಿದವೆಲ್ಲ ಸೊನ್ನೆಯಾಗುತ್ತವೆ. ಆಮೇಲೆ ಫೋಟೊ ಮತ್ತೆ ತರಿಸಿಕೊಳ್ಳಬೇಕಾಗುತ್ತದೆ.

ಫೈಲಿಗೆ ಪಾಸ್‌ವರ್ಡ್ ಹಾಕಿ, ಪಾಸ್‌ವರ್ಡನ್ನು ಫೋನ್ ಮಾಡಿ ಹೇಳಿ.

ಕೊನೆಗೆ ಅಳಿಸುವುದು. ಚಾಟ್‌ನಲ್ಲಿ ಅಳಿಸಿದರೆ ಸಾಲದು, ಗ್ಯಾಲರಿಯನ್ನೂ ನೋಡಿ. ಗೂಗಲ್ ಫೋಟೋಸ್‌ಗೆ ಬ್ಯಾಕಪ್ ಆಗಿದ್ದರೆ, ಅಳಿಸಿದ ಮೇಲೂ ಅದರ ಕಸದಬುಟ್ಟಿಯಲ್ಲಿ 60 ದಿನ ಇರುತ್ತದೆ. ಬುಟ್ಟಿಯನ್ನೂ ಖಾಲಿ ಮಾಡಿ. ಕಳಿಸಿದವರಿಗೂ ಅವರ ಫೋನಿನಲ್ಲಿ ಅಳಿಸಲು ಹೇಳಿ.