ರಕ್ತ ಹಾಕಬೇಡಿ, ಕಣ ಹಾಕಿ: ಸಿಕಲ್ ಸೆಲ್ ಟ್ಯೂಬ್ ಪರೀಕ್ಷೆ ಮಾಡುವುದು ಹೇಗೆ?

ಮಾಲೂರಿನ ಇಟ್ಟಿಗೆ ಗೂಡುಗಳಲ್ಲಿ ಒಡಿಶಾದಿಂದ ಬಂದ ಕುಟುಂಬಗಳು ಬಹಳ ಇವೆ. ಕೆಲವು ವರ್ಷಗಳ ಹಿಂದೆ ಅಲ್ಲಿಂದ ಒಂಬತ್ತು ವರ್ಷದ ಹುಡುಗಿಯೊಬ್ಬಳನ್ನು ಕೋಲಾರದ ನಮ್ಮ ಲ್ಯಾಬಿಗೆ ಕರೆತಂದಿದ್ದರು. ಕೈಕಾಲು ನೋವು, ಕಣ್ಣು ಹಳದಿ, ಹಿಮೋಗ್ಲೋಬಿನ್ 5.6. ಡಾಕ್ಟರು ಸಿಕಲ್ ಸೆಲ್ ಪರೀಕ್ಷೆ ಬರೆದಿದ್ದರು. ನಮ್ಮಲ್ಲಿ ತರಬೇತಿಗೆ ಬಂದಿದ್ದ ಹುಡುಗ ಟ್ಯೂಬ್ ಎತ್ತಿ ಹಿಡಿದು, "ಮೇಡಂ, ಗೆರೆ ಚೆನ್ನಾಗಿ ಕಾಣ್ತಿದೆ. ನೆಗೆಟಿವ್" ಅಂದ. ಅವನು ಕಿಟ್‌ನ ಚೀಟಿಯಲ್ಲಿ ಇದ್ದಂತೆಯೇ ಮಾಡಿದ್ದ. ಉತ್ತರ ಮಾತ್ರ ತಪ್ಪಾಗಿತ್ತು.

ಅದೇ ತಪ್ಪನ್ನು ಆಮೇಲೂ ಎಷ್ಟೋ ಕಡೆ ನೋಡಿದ್ದೇನೆ. ಅದಕ್ಕೇ ಈ ಲೇಖನ.

ಮೊದಲು ಟ್ಯೂಬಿನೊಳಗೆ ಏನು ನಡೆಯುತ್ತದೆ ಎಂದು ತಿಳಿದುಕೊಳ್ಳೋಣ. ಸಿಕಲ್ ಸೆಲ್ ಇರುವವರ ರಕ್ತದಲ್ಲಿ ಹಿಮೋಗ್ಲೋಬಿನ್ ಎಸ್ ಎಂಬ ಬೇರೆ ಥರದ ಹಿಮೋಗ್ಲೋಬಿನ್ ಇರುತ್ತದೆ. ಆಮ್ಲಜನಕ ಹಿಡಿದುಕೊಂಡಿರುವಾಗ ಅದು ಸುಮ್ಮನಿರುತ್ತದೆ. ಆಮ್ಲಜನಕ ಬಿಟ್ಟ ಕೂಡಲೇ ಒಂದಕ್ಕೊಂದು ಅಂಟಿಕೊಂಡು ಕಡ್ಡಿಯಂತೆ ಬೆಳೆಯುತ್ತದೆ. ಕೆಂಪು ಕಣ ಕುಡುಗೋಲಿನಂತೆ ಬಾಗುವುದು ಈ ಕಡ್ಡಿಗಳಿಂದಲೇ. ಪರೀಕ್ಷೆಯ ರೀಏಜೆಂಟ್‌ನಲ್ಲಿ ಮೂರು ವಸ್ತುಗಳಿವೆ. ಸಪೋನಿನ್ ಕಣವನ್ನು ಒಡೆಯುತ್ತದೆ. ಸೋಡಿಯಂ ಡೈಥಯೊನೈಟ್ ಆಮ್ಲಜನಕವನ್ನು ಎಳೆದುಕೊಳ್ಳುತ್ತದೆ. ಗಟ್ಟಿ ಫಾಸ್ಫೇಟ್ ದ್ರಾವಣದಲ್ಲಿ ಮಾಮೂಲಿ ಹಿಮೋಗ್ಲೋಬಿನ್ ಕರಗಿಯೇ ಇರುತ್ತದೆ, ಎಸ್ ಕರಗದೆ ಕದಡುತ್ತದೆ. ಟ್ಯೂಬಿನ ಹಿಂದಿರುವ ಕಪ್ಪು ಗೆರೆ ಕಂಡರೆ ನೆಗೆಟಿವ್, ಮುಚ್ಚಿಹೋದರೆ ಪಾಸಿಟಿವ್.

ರೀಏಜೆಂಟ್

100 ಮಿಲಿ ತಯಾರಿಸಲು ನೀರಿಲ್ಲದ ಡೈಪೊಟ್ಯಾಸಿಯಂ ಹೈಡ್ರೋಜನ್ ಫಾಸ್ಫೇಟ್ 21.5 ಗ್ರಾಂ, ಪೊಟ್ಯಾಸಿಯಂ ಡೈಹೈಡ್ರೋಜನ್ ಫಾಸ್ಫೇಟ್ 16.9 ಗ್ರಾಂ, ಡೈಥಯೊನೈಟ್ ಅರ್ಧ ಗ್ರಾಂ, ಸಪೋನಿನ್ 0.1 ಗ್ರಾಂ ಬೇಕು. ಇದೇ ಕ್ರಮದಲ್ಲಿ, ಒಂದು ಪೂರ್ತಿ ಕರಗಿದ ಮೇಲೆಯೇ ಇನ್ನೊಂದನ್ನು ಹಾಕಿ. ಫ್ರಿಜ್‌ನಲ್ಲಿ ಏಳು ದಿನ ಬರುತ್ತದೆ. ಎಂಟನೇ ದಿನ ಚೆಲ್ಲಿಬಿಡಿ.

ಇದರಲ್ಲಿ ಕೈಕೊಡುವುದು ಡೈಥಯೊನೈಟ್ ಒಂದೇ. ಗಾಳಿ ಮತ್ತು ತೇವ ತಾಕಿದರೆ ಅದು ಸತ್ತುಹೋಗುತ್ತದೆ. ಡಬ್ಬದಲ್ಲಿ ಪುಡಿ ಉದುರುದುರಾಗಿರಬೇಕು. ಗಂಟು ಕಟ್ಟಿದ್ದರೆ ಬಳಸಬೇಡಿ. ಯಾವಾಗಲೂ ಸಣ್ಣ ಡಬ್ಬವನ್ನೇ ತರಿಸಿ, ಅರ್ಧ ಕಿಲೋ ಡಬ್ಬ ಅಗ್ಗ ಎಂದು ತರಿಸಿದರೆ ಮುಗಿಯುವ ಮೊದಲೇ ಕೆಡುತ್ತದೆ. ರೇಷ್ಮೆ ನೂಲಿಗೆ ಬಣ್ಣ ಹಾಕುವವರು ಇದನ್ನೇ ಹೈಡ್ರೋಸ್ ಎಂದು ಕರೆಯುತ್ತಾರೆ. ಅದನ್ನು ಅಂಗಡಿಯಿಂದ ತಂದು ಲ್ಯಾಬಿನಲ್ಲಿ ಬಳಸುವವರನ್ನು ನೋಡಿದ್ದೇನೆ. ದಯವಿಟ್ಟು ಬೇಡ. ಅದರ ಶುದ್ಧತೆ ಎಷ್ಟು ಎಂದು ಯಾರಿಗೂ ಗೊತ್ತಿರುವುದಿಲ್ಲ. ಇನ್ನೊಂದು ಮಾತು: ಪುಡಿಯನ್ನು ದ್ರಾವಣಕ್ಕೆ ಹಾಕಿ, ಡಬ್ಬದೊಳಗೆ ಒಂದು ಹನಿ ನೀರೂ ಬೀಳಬಾರದು. ಒದ್ದೆಯಾದರೆ ಅದು ತಾನಾಗಿಯೇ ಬಿಸಿಯೇರಿ ಹೊತ್ತಿಕೊಳ್ಳಬಹುದು.

ಎಷ್ಟು ರಕ್ತ? ಎಲ್ಲರೂ ಎಡವುವುದು ಇಲ್ಲೇ

ಬಹುತೇಕ ಕಿಟ್‌ಗಳು 2 ಮಿಲಿ ರೀಏಜೆಂಟ್‌ಗೆ 20 ಮೈಕ್ರೋಲೀಟರ್ ರಕ್ತ ಹಾಕಿ ಎನ್ನುತ್ತವೆ. ಆರೋಗ್ಯವಂತರಿಗೆ ಇದು ಸರಿ. ಅವರ ರಕ್ತದಲ್ಲಿ ನೂರಕ್ಕೆ ನಲವತ್ತೈದು ಪಾಲು ಕಣ ಎಂದುಕೊಳ್ಳಿ. 20 ಮೈಕ್ರೋಲೀಟರ್‌ನಲ್ಲಿ 9 ಮೈಕ್ರೋಲೀಟರ್ ಕಣ ಸಿಕ್ಕಿತು. ಆದರೆ ಸಿಕಲ್ ಸೆಲ್ ಅನುಮಾನ ಬರುವುದು ಯಾರ ಮೇಲೆ? ರಕ್ತ ಕಡಿಮೆ ಇರುವವರ ಮೇಲೆಯೇ ಅಲ್ವಾ?

ಆ ಹುಡುಗಿಯ ರಕ್ತದಲ್ಲಿ ಕಣದ ಪಾಲು ನೂರಕ್ಕೆ ಹದಿನೇಳು. ಅಂದರೆ 20 ಮೈಕ್ರೋಲೀಟರ್‌ನಲ್ಲಿ ಇದ್ದದ್ದು 3.4 ಮೈಕ್ರೋಲೀಟರ್ ಕಣ ಮಾತ್ರ. ಬೇಕಾದುದರ ಅರ್ಧವೂ ಇಲ್ಲ. ಎಸ್ ಇದ್ದರೂ ಗೆರೆ ಮುಚ್ಚುವಷ್ಟು ಕದಡಲಿಲ್ಲ. ಹಿಮೋಗ್ಲೋಬಿನ್ 7ಕ್ಕಿಂತ ಕಡಿಮೆ ಇದ್ದಾಗ ಪೂರ್ತಿ ರಕ್ತ ಹಾಕಿ ಬಂದ ನೆಗೆಟಿವ್ ಅನ್ನು ನಂಬಲೇಬೇಡಿ.

ಎರಡರಷ್ಟು ರಕ್ತ ಹಾಕಿದರೆ ಸಾಕು ಎನ್ನುವವರಿದ್ದಾರೆ. ಅದೂ ಒಂದು ದಾರಿ. ಆದರೆ ನಾನು ಒಪ್ಪುವುದಿಲ್ಲ. ರಕ್ತದ ಜೊತೆ ಪ್ಲಾಸ್ಮಾ ಕೂಡ ಎರಡರಷ್ಟು ಹೋಗುತ್ತದೆ. ಪ್ಲಾಸ್ಮಾದಲ್ಲಿ ಕೊಬ್ಬು ಅಥವಾ ಪ್ರೋಟೀನ್ ಜಾಸ್ತಿ ಇದ್ದರೆ ಅದರಿಂದಲೂ ಟ್ಯೂಬ್ ಕದಡುತ್ತದೆ. ಆಗ ಇಲ್ಲದ ರೋಗ ಇದ್ದಂತೆ ಕಾಣುತ್ತದೆ.

ಯಾರದೇ ಸ್ಯಾಂಪಲ್ ಆಗಲಿ, ನನ್ನ ವಿಧಾನ ಒಂದೇ. ಇಡಿಟಿಎ ರಕ್ತವನ್ನು ಸೆಂಟ್ರಿಫ್ಯೂಜ್‌ನಲ್ಲಿ ತಿರುಗಿಸಿ. ಮೇಲಿನ ಪ್ಲಾಸ್ಮಾ ತೆಗೆಯಿರಿ. ಅದರ ಕೆಳಗಿನ ಬಿಳಿ ಪದರವನ್ನೂ ತೆಗೆಯಿರಿ, ಬಿಳಿ ಕಣ ತುಂಬಾ ಜಾಸ್ತಿ ಇದ್ದರೆ ಅದರಿಂದಲೂ ಟ್ಯೂಬ್ ಕದಡುತ್ತದೆ. ಉಳಿದ ಗಟ್ಟಿ ಕೆಂಪು ಕಣದಿಂದ 10 ಮೈಕ್ರೋಲೀಟರ್ ತೆಗೆದು 2 ಮಿಲಿ ರೀಏಜೆಂಟ್‌ಗೆ ಹಾಕಿ. ಪ್ಲಾಸ್ಮಾ ಹಾಲಿನಂತೆ ಕಂಡರೆ ಮೊದಲು ಕಣಗಳನ್ನು ಸಲೈನ್‌ನಲ್ಲಿ ತೊಳೆಯಿರಿ. ಗಟ್ಟಿ ಕಣ ಪಿಪೆಟ್ ತುದಿಗೆ ಅಂಟಿಕೊಳ್ಳುತ್ತದೆ. ತುದಿಯ ಹೊರಭಾಗ ಒರೆಸಿ, ರೀಏಜೆಂಟ್‌ನೊಳಗೇ ಎರಡು ಮೂರು ಸಲ ಎಳೆದು ಬಿಡಿ. ಐದು ನಿಮಿಷದ ಕೆಲಸ ಜಾಸ್ತಿಯಾಗುತ್ತದೆ, ಆದರೆ ತಪ್ಪಿನ ಎರಡೂ ದಾರಿ ಮುಚ್ಚುತ್ತವೆ.

ಓದುವುದು

ಫ್ರಿಜ್‌ನಿಂದ ತೆಗೆದ ರೀಏಜೆಂಟ್ ಕೋಣೆಯ ಬಿಸಿಗೆ ಬರಲೇಬೇಕು. ತಣ್ಣಗಿದ್ದರೆ ಫಲಿತಾಂಶ ತಪ್ಪಾಗುತ್ತದೆ. ಜೊತೆಗೆ ಟ್ಯೂಬಿನ ಹೊರಗೆ ಹನಿ ಕೂತು ಗೆರೆ ಮಂಕಾಗುತ್ತದೆ. ನಮ್ಮ ಕಡೆ ಡಿಸೆಂಬರ್ ಬೆಳಗ್ಗೆ ಅರ್ಧ ಗಂಟೆ ಹೊರಗಿಟ್ಟರೂ ಸಾಲದು.

ಪ್ರತಿ ಸಲವೂ ಮೂರು ಟ್ಯೂಬ್ ಇಡಿ: ರೋಗಿಯದು, ಮಾಮೂಲಿ ರಕ್ತದ್ದು, ಸಿಕಲ್ ಟ್ರೇಟ್ ಇರುವವರದು. ಟ್ರೇಟ್ ಎಂದರೆ ತಂದೆ ತಾಯಿಯರಲ್ಲಿ ಒಬ್ಬರಿಂದ ಮಾತ್ರ ಎಸ್ ಬಂದವರು. ರೋಗ ಇರುವವರ ರಕ್ತವನ್ನೇ ಕಂಟ್ರೋಲ್ ಮಾಡಬೇಡಿ. ಅದರಲ್ಲಿ ಎಸ್ ಬಹಳ ಇರುವುದರಿಂದ ಅರ್ಧ ಕೆಟ್ಟ ರೀಏಜೆಂಟ್ ಕೂಡ ಪಾಸಾಗಬಹುದು. ಟ್ರೇಟ್ ಟ್ಯೂಬ್ ಕದಡದಿದ್ದರೆ ಆ ದಿನದ ಯಾವ ಫಲಿತಾಂಶವನ್ನೂ ಕೊಡಬೇಡಿ.

ಕಣ ಹಾಕಿ ಐದು ನಿಮಿಷ ಬಿಡಿ. ಬಿಳಿ ಕಾರ್ಡಿನ ಮೇಲಿನ ಕಪ್ಪು ಗೆರೆಗಳ ಮುಂದೆ, ಎರಡೂವರೆ ಸೆಂಟಿಮೀಟರ್ ದೂರದಲ್ಲಿ ಟ್ಯೂಬ್ ಹಿಡಿಯಿರಿ. ಕಾರ್ಡಿಗೆ ಅಂಟಿಸಿ ಹಿಡಿದರೆ ಕದಡಿದ ಟ್ಯೂಬಿನಲ್ಲೂ ಗೆರೆ ಕಾಣಬಹುದು. ಅನುಮಾನ ಉಳಿದರೆ ಟ್ಯೂಬನ್ನೇ ಐದು ನಿಮಿಷ ಸೆಂಟ್ರಿಫ್ಯೂಜ್ ಮಾಡಿ. ಎಸ್ ಇದ್ದರೆ ಕಡುಗೆಂಪು ಪದರ ಮೇಲೆ ತೇಲಿ, ಕೆಳಗಿನ ದ್ರಾವಣ ತಿಳಿಯಾಗುತ್ತದೆ. ಇಲ್ಲದಿದ್ದರೆ ದ್ರಾವಣ ಕೆಂಪಾಗಿಯೇ ಉಳಿದು, ಮೇಲೆ ಬೂದು ಬಣ್ಣದ ಪದರ ಮಾತ್ರ ನಿಲ್ಲುತ್ತದೆ.

ಆ ದಿನ ಹುಡುಗಿಯ ಕಣ ಬೇರ್ಪಡಿಸಿ ಮತ್ತೆ ಹಾಕಿದೆವು. ಐದು ನಿಮಿಷಕ್ಕೆ ಒಂದು ಗೆರೆಯೂ ಕಾಣಲಿಲ್ಲ.

ಸ್ಲೈಡ್ ಮೇಲೆ ಖಚಿತಪಡಿಸುವುದು

ಟ್ಯೂಬ್ ಕದಡಿದ್ದು ಎಸ್‌ನಿಂದಲೇ ಹೌದೇ ಎಂದು ಕಣ್ಣಾರೆ ನೋಡಲು ಸೋಡಿಯಂ ಮೆಟಾಬೈಸಲ್ಫೈಟ್ ಬೇಕು. 0.2 ಗ್ರಾಂ ಅನ್ನು 10 ಮಿಲಿ ನೀರಿನಲ್ಲಿ ಕರಗಿಸಿ. ಇದು ಅವತ್ತಿನ ದಿನಕ್ಕೆ ಮಾತ್ರ. ಸ್ಲೈಡ್ ಮೇಲೆ ಸಣ್ಣ ಹನಿ ರಕ್ತ, ಒಂದು ಹನಿ ದ್ರಾವಣ, ಮೇಲೆ ಕವರ್ ಸ್ಲಿಪ್. ಗುಳ್ಳೆ ಉಳಿಯಬಾರದು, ಗುಳ್ಳೆ ಎಂದರೆ ಗಾಳಿ. ಅಂಚಿಗೆ ವ್ಯಾಸಲೀನ್ ಹಚ್ಚಿ ಮುಚ್ಚಿ. ಒದ್ದೆ ಕಾಗದ ಇಟ್ಟ ಪೆಟ್ರಿ ಡಿಶ್‌ನಲ್ಲಿಟ್ಟು ಅರ್ಧ ಗಂಟೆಗೆ, ಒಂದು ಗಂಟೆಗೆ, ಎರಡು ಗಂಟೆಗೆ ನೋಡಿ. ಏನೂ ಕಾಣದಿದ್ದರೆ ಮಾರನೇ ದಿನ ಮತ್ತೆ ನೋಡದೆ ನೆಗೆಟಿವ್ ಬರೆಯಬೇಡಿ. ರೋಗ ಇದ್ದರೆ ಕಣ ಬೇಗ ಬಾಗುತ್ತದೆ, ಟ್ರೇಟ್‌ನಲ್ಲಿ ನಿಧಾನ. ಸ್ಲೈಡ್ ಒಣಗಿದರೆ ಮಾಮೂಲಿ ಕಣಗಳೂ ಮುಳ್ಳು ಮುಳ್ಳಾಗುತ್ತವೆ. ಸುತ್ತಲೂ ಗಿಡ್ಡ ಮುಳ್ಳಿದ್ದರೆ ಅದು ಸಿಕಲ್ ಅಲ್ಲ. ಸಿಕಲ್ ಕಣ ಉದ್ದವಾಗಿ, ತುದಿ ಚೂಪಾಗಿರುತ್ತದೆ.

ಜೊತೆಗೆ ಲೀಶ್ಮನ್ ಸ್ಟೇನ್ ಮಾಡಿದ ಸಾಮಾನ್ಯ ಸ್ಮಿಯರ್ ನೋಡಲೇಬೇಕು. ಇದಕ್ಕೆ ಯಾವ ರಾಸಾಯನಿಕವೂ ಆಮ್ಲಜನಕ ಕಿತ್ತಿರುವುದಿಲ್ಲ. ಆದರೂ ಬಾಗಿದ ಕಣ ಕಂಡರೆ, ಅದು ದೇಹದೊಳಗೇ ಮತ್ತೆ ಮತ್ತೆ ಬಾಗಿ, ನೆಟ್ಟಗಾಗಲಾರದೆ ಉಳಿದ ಕಣ. ಟ್ರೇಟ್ ಇರುವವರ ಸ್ಮಿಯರ್ ಮಾಮೂಲಿಯಾಗಿಯೇ ಇರುತ್ತದೆ. ಸ್ಮಿಯರ್ ಎಳೆಯುವಾಗ ಆದ ತಪ್ಪಿನಿಂದಲೂ ಕಣ ಉದ್ದವಾಗುತ್ತದೆ. ಆಗ ಎಲ್ಲವೂ ಗಾಳಿಗೆ ಬಾಗಿದ ರಾಗಿ ಪೈರಿನಂತೆ ಒಂದೇ ಕಡೆ ಮುಖ ಮಾಡಿರುತ್ತವೆ. ನಿಜವಾದ ಸಿಕಲ್ ಕಣಗಳು ಯಾವ ಯಾವ ದಿಕ್ಕಿಗೋ ಬಿದ್ದಿರುತ್ತವೆ. ಆ ಹುಡುಗಿಯ ಸ್ಮಿಯರ್‌ನಲ್ಲಿ ಹಾಗೆಯೇ ಬಿದ್ದಿದ್ದವು. ನಡುವೆ ಗುರಿಹಲಗೆಯಂತಹ ಟಾರ್ಗೆಟ್ ಕಣಗಳು, ನ್ಯೂಕ್ಲಿಯಸ್ ಇರುವ ಎಳೆಯ ಕೆಂಪು ಕಣಗಳೂ ಇದ್ದವು. ಟ್ಯೂಬ್ ನೋಡಿ ನೆಗೆಟಿವ್ ಎಂದಿದ್ದ ಹುಡುಗನನ್ನು ಮೈಕ್ರೋಸ್ಕೋಪ್ ಮುಂದೆ ಕೂರಿಸಿ ತೋರಿಸಿದೆ.

ಯಾರಿಗೆ ಈ ಪರೀಕ್ಷೆ ಬೇಡ

ಆರು ತಿಂಗಳಿಗಿಂತ ಚಿಕ್ಕ ಮಕ್ಕಳಿಗೆ ಬೇಡ. ಅವರಲ್ಲಿ ಹುಟ್ಟಿನ ಹಿಮೋಗ್ಲೋಬಿನ್ ಎಫ್ ಜಾಸ್ತಿ, ಎಸ್ ಕಡಿಮೆ. ಇತ್ತೀಚೆಗೆ ರಕ್ತ ಹಾಕಿಸಿಕೊಂಡವರಿಗೂ ಬೇಡ, ದಾನಿಯ ಕಣ ಉತ್ತರ ಕೆಡಿಸುತ್ತದೆ. ಸ್ಯಾಂಪಲ್ ತೆಗೆಯುವಾಗಲೇ ಹಿಂದಿನ ನಾಲ್ಕು ತಿಂಗಳಲ್ಲಿ ರಕ್ತ ಹಾಕಿದ್ದಾರೆಯೇ ಎಂದು ಕೇಳಿ ಬರೆದುಕೊಳ್ಳಿ. ಭಾಷೆ ಬಾರದ ಕುಟುಂಬವಾದರೆ ಗೂಡಿನ ಮೇಸ್ತ್ರಿಯನ್ನಾದರೂ ಕರೆಸಿ ಕೇಳಿ.

ರಿಪೋರ್ಟ್‌ನಲ್ಲಿ ಏನು ಬರೆಯಬೇಕು

"ಸಿಕಲ್ ಸೆಲ್ ರೋಗ ಇದೆ" ಎಂದು ಬರೆಯಬೇಡಿ. ಟ್ಯೂಬ್ ಹೇಳುವುದು ಎಸ್ ಇದೆ ಎಂದಷ್ಟೇ. ಟ್ರೇಟ್, ರೋಗ, ಎಸ್ ಜೊತೆ ಬೀಟಾ ಥಲಸ್ಸೀಮಿಯಾ, ಮೂರರಲ್ಲೂ ಟ್ಯೂಬ್ ಒಂದೇ ಥರ ಕದಡುತ್ತದೆ. ಮೆಟಾಬೈಸಲ್ಫೈಟ್ ಸ್ಲೈಡ್ ಕೂಡ ಇವನ್ನು ಖಚಿತವಾಗಿ ಬೇರ್ಪಡಿಸುವುದಿಲ್ಲ. ಟ್ರೇಟ್ ಇರುವ ಗಟ್ಟಿಮುಟ್ಟಾದ ಹುಡುಗನಿಗೆ ರೋಗಿ ಎಂಬ ಹಣೆಪಟ್ಟಿ ಕಟ್ಟಿದರೆ ಅವನ ಕೆಲಸಕ್ಕೂ ಮದುವೆಗೂ ಕುತ್ತು. "ಸಾಲ್ಯುಬಿಲಿಟಿ ಟೆಸ್ಟ್ ಪಾಸಿಟಿವ್, ಸ್ಮಿಯರ್‌ನಲ್ಲಿ ಸಿಕಲ್ ಕಣಗಳಿವೆ, ಎಚ್‌ಪಿಎಲ್‌ಸಿ ಅಗತ್ಯ" ಎಂದು ಬರೆಯಿರಿ. ಸ್ಮಿಯರ್ ಮಾಮೂಲಿ ಇದ್ದರೆ ಅದನ್ನೂ ಬರೆಯಿರಿ. ಸಾಧ್ಯವಾದರೆ ತಂದೆ ತಾಯಿಯ ರಕ್ತವನ್ನೂ ಅವತ್ತೇ ತೆಗೆದುಕೊಳ್ಳಿ. ಮಗು ಪಾಸಿಟಿವ್ ಇದ್ದು ಒಬ್ಬರಲ್ಲಿ ಮಾತ್ರ ಎಸ್ ಸಿಕ್ಕಿದರೆ, ಇನ್ನೊಬ್ಬರಲ್ಲಿ ಥಲಸ್ಸೀಮಿಯಾ ಹುಡುಕಬೇಕಾಗುತ್ತದೆ.

ಆ ಹುಡುಗಿಯ ಅಪ್ಪ ಅಮ್ಮ ಇಬ್ಬರ ಟ್ಯೂಬೂ ಕದಡಿತು. ಇಬ್ಬರ ಸ್ಮಿಯರೂ ಮಾಮೂಲಿ. ಮೂರೂ ಸ್ಯಾಂಪಲ್ ಬೆಂಗಳೂರಿಗೆ ಎಚ್‌ಪಿಎಲ್‌ಸಿಗೆ ಹೋದವು. ಅಪ್ಪನಲ್ಲಿ ಎಸ್ 37%, ಅಮ್ಮನಲ್ಲಿ 34%, ಇಬ್ಬರಿಗೂ ಟ್ರೇಟ್. ಹುಡುಗಿಯಲ್ಲಿ ಎಸ್ 76%, ಎಫ್ 19%, ದೊಡ್ಡವರಲ್ಲಿ ಇರಬೇಕಾದ ಹಿಮೋಗ್ಲೋಬಿನ್ ಎ ಇರಲೇ ಇಲ್ಲ. ಗುಡಿಸಲಿನಲ್ಲಿ ಅವಳಿಗೊಬ್ಬ ಎರಡು ವರ್ಷದ ತಮ್ಮನಿದ್ದಾನೆ ಎಂದು ಅಮ್ಮ ಹೇಳಿದ್ದು ಆಗಲೇ. ಮರುದಿನ ಅವನನ್ನೂ ಕರೆತರಲು ಹೇಳಿ ಕಳುಹಿಸಿದೆವು.