ರೊಬಸ್ಟಾ ಮರುನಾಟಿಯ ಲೆಕ್ಕ: ಇಂದಿನ ಬೆಲೆಗೆ ಬ್ಯಾಂಕ್ ಬಡ್ಡಿ ಹೊಂದುವುದಿಲ್ಲ

ಹಳೇ ರೊಬಸ್ಟಾ ಕಾಫಿ ಗಿಡ ಕಿತ್ತು ಹೊಸದು ನೆಟ್ಟರೆ ಎಕರೆಗೆ ಸುಮಾರು 85 ಸಾವಿರ ನಷ್ಟ ಎಂದು ನನ್ನ ಮೊದಲ ಲೆಕ್ಕ ಹೇಳಿತು. ಗಿಡ, ಇಳುವರಿ, ಸಾಲದ ದರ ಯಾವುದನ್ನೂ ಮುಟ್ಟದೆ ಲೆಕ್ಕ ತಿದ್ದಿದಾಗ 1.64 ಲಕ್ಷ ಲಾಭ ಬಂತು. ಹಣದುಬ್ಬರ ತುಂಬಿ ಲಾಭ ಹಿಗ್ಗಿಸಿದ್ದೀರಿ ಎಂದು ಕೊಡಗಿನ ಇತರ ಬೆಳೆಗಾರರು ನಂಬಲಿಲ್ಲ. ಅದಕ್ಕೇ ಎರಡು ದಾರಿಯಲ್ಲೂ ಮಾಡಿ ತೋರಿಸಿದೆ.

ಅಂಕಿಗಳು ನೆನಪಿನಿಂದ, ದುಂಡಗೆ ಮಾಡಿದವು. ಮೊದಲ ಕೊಯ್ಲಿನವರೆಗಿನ ಖರ್ಚೆಲ್ಲ ಇಂದಿನ ಮೌಲ್ಯದಲ್ಲಿ 4 ಲಕ್ಷ. 5ರಿಂದ 24ನೇ ವರ್ಷದವರೆಗೆ ಇಂದಿನ ಬೆಲೆಯಲ್ಲಿ ವರ್ಷಕ್ಕೆ 1.6 ಲಕ್ಷ ಆದಾಯ, 1 ಲಕ್ಷ ಖರ್ಚು. ಉಳಿಯುವುದು 60 ಸಾವಿರ. ಸಾಲ ಶೇ 11ಕ್ಕೆ. ಹಣದುಬ್ಬರಕ್ಕೆ ಶೇ 5 ಹಿಡಿದೆ. ರಿಸರ್ವ್ ಬ್ಯಾಂಕಿನ ಗುರಿ 4 ಇದ್ದರೂ ಇಪ್ಪತ್ತು ವರ್ಷಕ್ಕೆ ಅದು ಬಿಗಿಯಾಯಿತು ಅನಿಸಿತು.

ತಪ್ಪಿದ್ದು ಇಲ್ಲಿ: ಮೊದಲ ಲೆಕ್ಕದಲ್ಲಿ ಆ 60 ಸಾವಿರವನ್ನು ಶೇ 11ರಲ್ಲೇ ಇಂದಿನ ಮೌಲ್ಯಕ್ಕೆ ತಂದಿದ್ದೆ. ಶೇ 11ರೊಳಗೆ ಬ್ಯಾಂಕು ಉಬ್ಬರವನ್ನು ಆಗಲೇ ಸೇರಿಸಿಕೊಂಡಿದೆ, ನನ್ನ 60 ಸಾವಿರದಲ್ಲಿ ಅದು ಇಲ್ಲ. ಹಾಗಾಗಿ ಉಬ್ಬರ ಕಳೆಯಿತೇ ಹೊರತು ಕೂಡಲಿಲ್ಲ. ಇಂದಿನ ಬೆಲೆಯಲ್ಲೇ ಇರಬೇಕೆಂದರೆ ದರದಿಂದಲೂ ಉಬ್ಬರ ತೆಗೆಯಬೇಕು. 11ರಿಂದ 5 ಕಳೆದರೆ ಸಾಲದು, ಭಾಗಿಸಬೇಕು:

```
=(1+11%)/(1+5%)-1
```

ಬರುವುದು ಶೇ 5.71. ಈ ದರದಲ್ಲಿ ಇಪ್ಪತ್ತು ಕೊಯ್ಲುಗಳ ಇಂದಿನ ಮೌಲ್ಯ 5.64 ಲಕ್ಷ, ಅದರಲ್ಲಿ 4 ಲಕ್ಷ ಖರ್ಚು ಕಳೆದರೆ ಲಾಭ 1.64 ಲಕ್ಷ.

ಪರೀಕ್ಷೆಗೆ ಒಂದೇ ವರ್ಷ ಸಾಕು. 5ನೇ ವರ್ಷದ 60 ಸಾವಿರವನ್ನು ಶೇ 5ರಂತೆ ಬೆಳೆಸಿದರೆ ಸುಮಾರು 76,600. ಅದನ್ನು ಶೇ 11ರಲ್ಲಿ ಇಂದಿಗೆ ತಂದರೆ 45,400. ಬೆಳೆಸದೆ ಶೇ 5.71ರಲ್ಲಿ ತಂದರೂ ಅದೇ 45,400. ಇವೆರಡು ಹೊಂದದಿದ್ದರೆ ಹಾಳೆಯಲ್ಲಿ ಎಲ್ಲೋ ಬೆರಕೆಯಾಗಿದೆ. ತಿರುವುಮುರುವು ತಪ್ಪು ಇನ್ನೂ ಅಪಾಯ: ಬೆಳೆಸಿದ ಹಣಕ್ಕೆ 5.71 ಹಾಕಿ ನೋಡಿದೆ, ಲಾಭ 6.9 ಲಕ್ಷಕ್ಕೆ ಹಾರಿತು. ಅಂಥ ಹಾಳೆ ನಂಬಿ ಯಾರೂ ತೋಟ ಕೀಳಬಾರದು.

ಆದರೆ ಕೂಲಿ ಎಲ್ಲ ಬೆಲೆಗಳ ಜೊತೆ ಸಮನಾಗಿ ಏರುವುದಿಲ್ಲ. 1 ಲಕ್ಷ ಖರ್ಚಿನಲ್ಲಿ ಕೂಲಿಯೇ 60 ಸಾವಿರ. ಅದು ಉಬ್ಬರಕ್ಕಿಂತ ವರ್ಷಕ್ಕೆ ಶೇ 2 ಹೆಚ್ಚು ಏರುತ್ತದೆ ಎಂದರೆ, ಇಂದಿನ ಬೆಲೆಯ ಲೆಕ್ಕದಲ್ಲೂ ಆ 2ನ್ನು ಇಟ್ಟುಕೊಳ್ಳಲೇಬೇಕು. ಹಾಗೆ ಮಾಡಿದಾಗ 24ನೇ ವರ್ಷದ ಕೂಲಿ ಸುಮಾರು 96 ಸಾವಿರ ಮುಟ್ಟಿತು, 1.64 ಲಕ್ಷ ಲಾಭ ಪೂರ್ತಿ ಕರಗಿ ಸೊನ್ನೆಯ ಹತ್ತಿರ ನಿಂತಿತು. ಕೊನೆಗೆ ಮರುನಾಟಿಯನ್ನು ಉಳಿಸಿದ್ದು ನೆರಳಿನ ಮರಕ್ಕೆ ಹಬ್ಬಿಸಿದ ಕರಿಮೆಣಸು. ಅದಕ್ಕೆ ಬೇರೆ ಕಾಲಂ ಹಾಕಿದ್ದೇನೆ. ಆ ಕಾಲಂನಲ್ಲಿ ಬೆಲೆ ಹಿಡಿಯುವ ಬಗೆ ಮಾತ್ರ ನನ್ನಲ್ಲೇ ಇರಲಿ.