ಏಜಿಂಗ್ ವರದಿಯಲ್ಲಿ 60,000 ಜಾಸ್ತಿ ಬಂದಾಗ

ಲೆಡ್ಜರ್ ಪ್ರಕಾರ ಗ್ರಾಹಕರಿಂದ ಬರಬೇಕಾದ ಬಾಕಿ 10,00,000 ರೂಪಾಯಿ. ಆದರೆ ಬಾಕಿ ಎಷ್ಟು ದಿನ ಹಳೆಯದು ಎಂದು ತೋರಿಸುವ ಏಜಿಂಗ್ ವರದಿಯ ನಾಲ್ಕು ಅವಧಿಗಳ ಮೊತ್ತ 10,60,000: 30 ದಿನದೊಳಗೆ 5,00,000, 31–60ರಲ್ಲಿ 2,50,000, 61–90ರಲ್ಲಿ 1,50,000, 90 ದಾಟಿದ್ದು 1,60,000.

ಸರಿಯಾಗಿ 60,000 ವ್ಯತ್ಯಾಸ. ಹಾಗಾಗಿ ಟ್ಯಾಲಿಯಲ್ಲಿ ಅದೇ ಮೊತ್ತದ ರಸೀದಿ ಹುಡುಕಿದೆ. ಸಿಕ್ಕಿತು. ಹಣ ಬಂದಿತ್ತು, ಆದರೆ ಯಾವ ಬಿಲ್‌ಗೂ ಸೇರದೆ `On Account` ಆಗಿ ಉಳಿದಿತ್ತು. ವರದಿಗೆ ತೆಗೆದದ್ದು ಬರೀ ಬಿಲ್‌ಗಳನ್ನು, ಅಲ್ವಾ? ಅದಕ್ಕೇ ಅದು ಬಿಟ್ಟುಹೋಗಿತ್ತು.

ಸುಮ್ನೆ ಹೊಸ ಬಾಕಿಯಲ್ಲಿ ಕಳೆದರೂ ಮೊತ್ತ ತಾಳೆಯಾಗುತ್ತಿತ್ತು, ಆದರೆ ವಸೂಲಾಗದೇ ಹೋಗಬಹುದಾದ ಬಾಕಿಗೆಂದು ತೋರಿಸುವ ಪ್ರಾವಿಷನ್ ತಪ್ಪುತ್ತಿತ್ತು. ಗ್ರಾಹಕರನ್ನು ಕೇಳಿದಾಗ ಅದು 90 ದಿನ ದಾಟಿದ ಬಿಲ್‌ನದು ಎಂದರು. ರಸೀದಿಯನ್ನು `Agst Ref` ಮಾಡಿ ಆ ಬಿಲ್‌ಗೆ ಹೊಂದಿಸಿದೆ.

ನಾಲ್ಕು ಅವಧಿಗಳಿಗೆ ನಮ್ಮ ಪ್ರಾವಿಷನ್ ದರ ಕ್ರಮವಾಗಿ 1%, 5%, 10%, 50%. ಪ್ರಾವಿಷನ್ 1,12,500ರಿಂದ 82,500ಕ್ಕೆ ಇಳಿಯಿತು.